ಒಂದೇ ಗೆರೆಯ 30 ಚೌಕ, 30 ರೆಪ್ಲಿಕೇಟ್ ಅಲ್ಲ

"ಕಪ್ಪತಗುಡ್ಡದಲ್ಲಿ ದನ ಮೇಯುವ ಕಡೆ ಒಂದು, ಮೇಯದ ಕಡೆ ಒಂದು ಟ್ರಾನ್ಸೆಕ್ಟ್ ಎಳೆದು 30-30 ಕ್ವಾಡ್ರಾಟ್ ಹಾಕಿದರೆ ಸಾಕಾ? ಚೌಕ ಎಷ್ಟು ದೊಡ್ಡದಿರಬೇಕು?"

ಚೌಕದ ಅಳತೆಯನ್ನು ಜಾಗದಲ್ಲೇ ನೋಡಿ ತೀರ್ಮಾನಿಸಿ. ಅರ್ಧ ಮೀಟರ್ ಚೌಕದಲ್ಲಿ ಎಷ್ಟು ಜಾತಿಯ ಗಿಡ ಇವೆ ಎಣಿಸಿ. ಅದನ್ನೇ 1 ಮೀಟರ್‌ಗೆ, ಆಮೇಲೆ 2 ಮೀಟರ್‌ಗೆ ಹಿಗ್ಗಿಸಿ. ಹೊಸ ಜಾತಿ ಸಿಗುವುದು ತೀರಾ ಕಡಿಮೆಯಾದ ಅಳತೆ ಸಾಕು. ಗಿಡ್ಡ ಹುಲ್ಲಿಗೆ ಸಾಮಾನ್ಯವಾಗಿ 1 ಮೀಟರ್ ಸರಿಹೋಗುತ್ತದೆ, ಪೊದೆಗಳಿಗೆ ಸಾಲದು.

ಸಮಸ್ಯೆ ಇರುವುದು ಸಂಖ್ಯೆಯಲ್ಲಿ. ಒಂದೇ ಗೆರೆಯ ಚೌಕಗಳಿಗೆ ಮಣ್ಣು, ಇಳಿಜಾರು ಎಲ್ಲಾ ಹೆಚ್ಚುಕಡಿಮೆ ಒಂದೇ ಅಲ್ವಾ? ಹಾಗಾಗಿ ನಿಮಗೆ ಸಿಗುವುದು ಪ್ರತಿ ಕಡೆ ಒಂದೇ ರೆಪ್ಲಿಕೇಟ್, ಅಂದರೆ ಒಂದೇ ಸ್ವತಂತ್ರ ಮಾದರಿ. ವ್ಯತ್ಯಾಸ ಕಂಡರೂ ಅದು ಮೇಯಿಸಿದ್ದರಿಂದಲೋ ಮಣ್ಣಿನಿಂದಲೋ ಹೇಳಲಾಗದು. ಅಷ್ಟೇ 30 ಚೌಕವನ್ನು ಪ್ರತಿ ಕಡೆ 6 ಟ್ರಾನ್ಸೆಕ್ಟ್‌ಗೆ ಐದೈದರಂತೆ ಹಂಚಿ. ಗೆರೆಗಳು ದೂರದೂರ ಇರಲಿ, ಜಾಗ ಚೀಟಿ ಎತ್ತಿ ಆರಿಸಿ.

6 ಸಾಕೇ? ಪ್ರತಿ ಗೆರೆಗೆ ಒಂದು ಸರಾಸರಿ ತೆಗೆಯಿರಿ. ಹುಲ್ಲಿನ ಹೊದಿಕೆ ಒಟ್ಟಾರೆ 40%, ಗೆರೆಗಳ ನಡುವಿನ ಸ್ಟ್ಯಾಂಡರ್ಡ್ ಡೀವಿಯೇಷನ್ 10 ಬಂತು ಅಂದುಕೊಳ್ಳಿ. ನಿಜವಾದ ಸರಾಸರಿಯ ಆಚೀಚೆ 8 ಶೇಕಡಾ ಅಂಶದೊಳಗೆ ಉತ್ತರ ಬೇಕಾದರೆ, ಬೇಕಾಗುವ ಗೆರೆಗಳ ಸಂಖ್ಯೆ n:

```
n = (2 × 10 / 8)² = 6.25
```

ಅಂದರೆ ಪ್ರತಿ ಕಡೆ 7 ಗೆರೆ. 4ರೊಳಗೆ ಬೇಕಾದರೆ 25 ಗೆರೆ! ಲೆಕ್ಕದಲ್ಲಿರುವ 2 ಸುಮಾರು 95% ಭರವಸೆಗೆ ಬಳಸುವ ಗುಣಕ; ಗೆರೆಗಳು ಕಡಿಮೆ ಇದ್ದಾಗ ಅದು ಸ್ವಲ್ಪ ಜಾಸ್ತಿಯಾಗುತ್ತದೆ. ಅದಕ್ಕೇ ನಾನಾದರೆ 8 ಅಥವಾ 9 ಎಳೆಯುತ್ತೇನೆ.