ಆ ‘ಹೋಪ್ ದಿಸ್ ಇಮೇಲ್ ಫೈಂಡ್ಸ್ ಯೂ ವೆಲ್’ ಸಾಲು ತೆಗೀರಿ, ದಯವಿಟ್ಟು

ಇವತ್ತು ಮಧ್ಯಾಹ್ನ ಬೆಳಗಾವಿಯಿಂದ ಫೋನ್ ಬಂತು. ನಮಗೆ ಕಾಸ್ಟಿಂಗ್ ಕೊಡುವ ಫೌಂಡ್ರಿಯವರು. ಯಾವಾಗಲೂ ನಗುತ್ತಾ ಮಾತಾಡುವ ಮನುಷ್ಯ. ಇವತ್ತು ನಮಸ್ಕಾರವೂ ಇಲ್ಲ. "ಮೇಡಂ, ನಾ ಬರದಿದ್ದು ನಿಮ್ಮಲ್ಲಿ ಯಾರೂ ಓದಲೇ ಇಲ್ಲೇನ್ರಿ?" ಅಂದರು.

ನಾನು ಪರ್ಚೇಸ್‌ನಲ್ಲಿರೋದು ನಿಮಗೆಲ್ಲ ಗೊತ್ತು. ದಿನವಿಡೀ ಮೇಲ್ ಬರೆಯೋದು, ಮೇಲ್ ಓದೋದು, ಫೋನ್ ಮಾಡೋದು. ಇಷ್ಟೇ ಕೆಲಸ. ಹಾಗಾಗಿ ಈ ವಿಷಯಕ್ಕೆ ನನಗೆ ಸಿಟ್ಟು ಬರೋದು ಸಹಜ.

ನಡೆದದ್ದು ಇಷ್ಟು. ಸೋಮವಾರ ಅವರು ನಮಗೊಂದು ಮೇಲ್ ಹಾಕಿದ್ದರು. ಕಬ್ಬಿಣ ಕರಗಿಸುವ ಫರ್ನೇಸಿನ ಒಳಗಿನ ಲೈನಿಂಗ್ ಹೋಗಿದೆ, ಹಳೆಯದನ್ನು ಒಡೆದು ತೆಗೆದು ಹೊಸದಾಗಿ ಕೂರಿಸಬೇಕು, ಅದು ಗಟ್ಟಿಯಾಗುವವರೆಗೆ ನಿಧಾನವಾಗಿ ಕಾಯಿಸಬೇಕು, ಅಲ್ಲಿಯವರೆಗೆ ಒಂದು ಪೀಸೂ ಹೊಯ್ಯೋಕಾಗಲ್ಲ ಅಂತ. ನಮ್ಮ ಆರ್ಡರ್ 240 ಪಂಪ್ ಹೌಸಿಂಗ್. ಅದರಲ್ಲಿ 60 ಪೀಸ್ ಮೊದಲೇ ಹೊಯ್ದಾಗಿದೆ, ಫೆಟ್ಲಿಂಗ್‌ನಲ್ಲಿವೆ, ಅಂದರೆ ಹೆಚ್ಚುವರಿ ಅಂಚು ಉಜ್ಜಿ ನಯ ಮಾಡುತ್ತಿದ್ದಾರೆ ಅಂತಲೂ ಬರೆದಿದ್ದರು. ಅಚ್ಚುಕಟ್ಟಾದ ಮೇಲ್. ಮುಚ್ಚುಮರೆ ಇಲ್ಲ.

ಬುಧವಾರ ನಮ್ಮ ಆಫೀಸಿನಿಂದ ಅವರಿಗೆ ಹೋದ ಮೇಲ್ ಇದು. ಇಂಗ್ಲಿಷಿನಲ್ಲಿತ್ತು, ಕನ್ನಡದಲ್ಲಿ ಹೇಳ್ತೀನಿ. "ಈ ಮೇಲ್ ತಲುಪುವಾಗ ತಾವು ಕ್ಷೇಮವಾಗಿದ್ದೀರಿ ಎಂದು ಭಾವಿಸುತ್ತೇವೆ. ದಿನದ ಶುಭಾಶಯಗಳು. ನಮ್ಮ ಆರ್ಡರಿನ ಬಾಕಿ ಮಾಲಿನ ಬಗ್ಗೆ ಇದೊಂದು ಜೆಂಟಲ್ ರಿಮೈಂಡರ್. ದಯವಿಟ್ಟು ತ್ವರಿತವಾಗಿ ಕಳುಹಿಸಿ, ಡೂ ದ ನೀಡ್‌ಫುಲ್."

ಫರ್ನೇಸ್ ನಿಂತಿದೆ ಅಂತ ಎರಡು ದಿನದ ಹಿಂದೆ ಹೇಳಿಕೊಂಡವರಿಗೆ ‘ಕ್ಷೇಮವಾಗಿದ್ದೀರಿ ಎಂದು ಭಾವಿಸುತ್ತೇವೆ’ ಅಂದರೆ ಅವರಿಗೆ ಏನನ್ನಿಸಬೇಕು? ಕಳಿಸಿದ ಹುಡುಗಿಯದ್ದೇನೂ ತಪ್ಪಿಲ್ಲ. ಹೊಸಬಳು. ಟೆಂಪ್ಲೇಟ್ ಕೊಟ್ಟಿದ್ದಾರೆ, ಅದರಲ್ಲಿ ಆರ್ಡರ್ ನಂಬರ್ ಬದಲಾಯಿಸಿ ಕಳಿಸಿದ್ದಾಳೆ. ತಪ್ಪು ಆ ಟೆಂಪ್ಲೇಟಿನದು.

ಸಂಜೆ ಮೀಟಿಂಗಿನಲ್ಲಿ ಆ ಸಾಲು ತೆಗೆಯೋಣ ಅಂದೆ. ತಕ್ಷಣ ಉತ್ತರ ಬಂತು, "ಮರ್ಯಾದೆ ಬೇಡ್ವಾ ಮೇಡಂ? ಒಂದು ಸಾಲು ಇದ್ದರೆ ಏನು ನಷ್ಟ?"

ನಷ್ಟ ಇದೆ. ನಮ್ಮ ವೆಂಡರ್‌ಗಳಲ್ಲಿ ಮುಕ್ಕಾಲು ಪಾಲು ಜನ ಶಾಪ್ ಫ್ಲೋರಿನಲ್ಲಿ ನಿಂತುಕೊಂಡು ಫೋನಿನಲ್ಲೇ ಮೇಲ್ ನೋಡೋರು. ಜಿಮೇಲ್ ಆಗಲಿ ಔಟ್‌ಲುಕ್ ಆಗಲಿ, ಪಟ್ಟಿಯಲ್ಲಿ ಕಾಣೋದು ಕಳಿಸಿದವರ ಹೆಸರು, ಸಬ್ಜೆಕ್ಟು, ಅದರ ಕೆಳಗೆ ಮೇಲ್‌ನ ಮೊದಲ ಒಂದೆರಡು ಸಾಲು. ‘ಐ ಹೋಪ್ ದಿಸ್ ಇಮೇಲ್ ಫೈಂಡ್ಸ್ ಯೂ ವೆಲ್’ ಅನ್ನೋದನ್ನು ಇಂಗ್ಲಿಷಿನಲ್ಲಿ ಬರೆದರೆ ಖಾಲಿ ಜಾಗವೂ ಸೇರಿ 32 ಅಕ್ಷರ. ಅದರ ಹಿಂದೆ ‘ಗ್ರೀಟಿಂಗ್ಸ್ ಆಫ್ ದ ಡೇ’ ಬೇರೆ. ತೆರೆಯದೆ ಕಾಣುವ ಜಾಗವೆಲ್ಲ ಅಲ್ಲಿಗೇ ಮುಗಿಯಿತು. ವಿಷಯ ಏನು ಅಂತ ಗೊತ್ತೇ ಆಗಲ್ಲ. ಆಮೇಲೆ ನೋಡೋಣ ಅಂತ ಬಿಡ್ತಾರೆ. ನಾವು ಮತ್ತೆ ರಿಮೈಂಡರ್ ಹಾಕ್ತೀವಿ, ಅದೇ ಸಾಲಿನಿಂದ ಶುರು ಮಾಡಿ.

ಇದಕ್ಕಿಂತ ದೊಡ್ಡ ನಷ್ಟ ಇವತ್ತಿನ ಫೋನಿನಲ್ಲಿ ಕೇಳಿಸಿದ್ದು. ಆ ಸಾಲು ಯಾರಿಗೆ ಬೇಕಾದರೂ ಹೋಗುತ್ತೆ. ಓದಿದವರಿಗೆ ಅದು ಗೊತ್ತಿರುತ್ತೆ. ಎಲ್ಲ ಸರಿಯಿದ್ದ ದಿನ ಅದನ್ನು ಯಾರೂ ಗಮನಿಸಲ್ಲ. ಕಷ್ಟದಲ್ಲಿದ್ದ ದಿನ ಮಾತ್ರ ಅದು ಚುಚ್ಚುತ್ತೆ.

ಹಿಂದಿನವರು ಬರೀತಿರಲಿಲ್ವಾ ಅಂತ ಕೇಳಿದರು. ಬರೀತಿದ್ದರು. ಇನ್‌ಲ್ಯಾಂಡ್ ಲೆಟರಿನಲ್ಲಿ "ನಾವೆಲ್ಲ ಇಲ್ಲಿ ಕ್ಷೇಮ, ನಿಮ್ಮ ಕ್ಷೇಮಕ್ಕೆ ಕಾಗದ ಬರೆಯಿರಿ" ಅಂತಲೇ ಶುರುವಾಗುತ್ತಿತ್ತು. ಆದರೆ ಆ ಸಾಲಿಗೆ ಕೆಲಸ ಇತ್ತು. ಫೋನಿಲ್ಲದ ಮನೆಗೆ ಅದೇ ಸುದ್ದಿ. ಮೊದಲು ತಮ್ಮ ವಿಷಯ ಹೇಳಿ, ಆಮೇಲೆ ಎದುರಿನವರದ್ದು ಕೇಳಿ, ಉತ್ತರಕ್ಕೆ ಕಾಯುತ್ತಿದ್ದರು. ರೋಮಿನವರೂ ಕಾಗದವನ್ನು "ನೀನು ಚೆನ್ನಾಗಿದ್ದರೆ ಸರಿ, ನಾನು ಚೆನ್ನಾಗಿದ್ದೇನೆ" ಅಂತ ಲ್ಯಾಟಿನ್‌ನಲ್ಲಿ ಶುರು ಮಾಡುತ್ತಿದ್ದರಂತೆ. ಅದು ಎಷ್ಟು ರೂಢಿಯಾಯಿತು ಅಂದರೆ, ಕೊನೆಗೆ ಪೂರ್ತಿ ಬರೆಯದೆ ಪ್ರತಿ ಪದದ ಮೊದಲ ಅಕ್ಷರ ಮಾತ್ರ ಹಾಕೋರು: ಎಸ್.ವಿ.ಬಿ.ಇ.ಇ.ವಿ. ನಮ್ಮ ಕಾಲದಲ್ಲೂ ಇದೇ ಆಗಿದ್ದನ್ನು ನೋಡಿದ್ದೀವಿ. 2020ರ ಮಾರ್ಚ್, ಏಪ್ರಿಲ್‌ನಲ್ಲಿ "ಹುಷಾರಾಗಿದ್ದೀರಾ?" ಅಂತ ಬಂದ ಮೇಲ್‌ಗೆ ನಾವು ನಿಜವಾಗಿ ಉತ್ತರ ಬರೆದೆವು, ಅಲ್ವಾ? ಕೆಲವೇ ತಿಂಗಳಲ್ಲಿ ಅದೂ ಟೆಂಪ್ಲೇಟ್ ಸೇರಿತು. ಆಮೇಲೆ ಯಾರೂ ಅದಕ್ಕೆ ಉತ್ತರ ಬರೆಯಲಿಲ್ಲ.

ಸರಿ, ತೆಗೆದರು ಅಂತಲೇ ಇಟ್ಟುಕೊಳ್ಳಿ. ಇನ್ನೊಂದು ಕಷ್ಟ ಶುರುವಾಗೋದು ಅಲ್ಲೇ. ಮೀಟಿಂಗ್ ಮುಗಿದ ಮೇಲೆ ಅದೇ ಹುಡುಗಿ ಹೊಸ ಮೇಲ್ ಬರೆದು ತೋರಿಸಿದಳು. "ಸರ್, 240 ಪೀಸ್ ಬಂದಿಲ್ಲ. ಶುಕ್ರವಾರದೊಳಗೆ ಕಳಿಸಿ." ಓದಿದರೆ ಮುಖಕ್ಕೆ ಹೊಡೆದ ಹಾಗಿದೆ. ಪಕ್ಕದಲ್ಲಿದ್ದವರು, "ನೋಡಿ, ಅದಕ್ಕೇ ಆ ಸಾಲು ಬೇಕು ಅನ್ನೋದು" ಅಂದರು.

ಇಲ್ಲ. ಈ ಮೇಲ್‌ನ ತಲೆಗೆ ಆ ಸಾಲು ಮತ್ತೆ ಅಂಟಿಸಿ ಓದಿ ನೋಡಿ. ಒರಟುತನ ಹೋಗಲ್ಲ. ಯಾಕಂದರೆ ಒರಟಾಗಿರೋದು ಬೇರೆ ಕಡೆ. ಅವರು ಹೇಳಿದ ಒಂದು ಮಾತೂ ಇದರಲ್ಲಿಲ್ಲ. ಶುಕ್ರವಾರವೇ ಯಾಕೆ ಅಂತ ಇಲ್ಲ. ಅವರಿಂದ ಆಗದಿದ್ದರೆ ಏನು ಅನ್ನೋದಕ್ಕೂ ಜಾಗ ಬಿಟ್ಟಿಲ್ಲ. ಬರೀ ಅಪ್ಪಣೆ. ಈ ಮೂರನ್ನು ತುಂಬಿದರೆ ಮೇಲ್ ತಾನಾಗೇ ಮೆತ್ತಗಾಗುತ್ತೆ.

ನಾವಿಬ್ಬರೂ ಕೂತು ಬರೆದದ್ದು ಹೀಗೆ:

"ನಮಸ್ಕಾರ ಸರ್. ಫರ್ನೇಸ್ ಲೈನಿಂಗ್ ಬಗ್ಗೆ ನೀವು ಸೋಮವಾರ ಬರೆದದ್ದನ್ನು ಓದಿದೆವು, ಮೊದಲೇ ತಿಳಿಸಿದ್ದು ಒಳ್ಳೆಯದಾಯಿತು. ಫೆಟ್ಲಿಂಗ್‌ನಲ್ಲಿರುವ 60 ಪೀಸ್ ಮಾತ್ರ ಶುಕ್ರವಾರ ಲಾರಿಗೆ ಹಾಕೋಕೆ ಆಗುತ್ತಾ? ಶನಿವಾರದಿಂದ ನಮ್ಮ ಒಂದು ಮಿಷಿನ್ ಈ ಪೀಸಿಗಾಗಿಯೇ ಖಾಲಿ ಇರುತ್ತದೆ. ಉಳಿದ 180 ಯಾವಾಗ ಅಂತ ಫರ್ನೇಸ್ ಶುರುವಾದ ಮೇಲೆ ಹೇಳಿದರೆ ಸಾಕು. ಶುಕ್ರವಾರ ಕಷ್ಟ ಅಂದರೆ ನಾಳೆಯೇ ಒಂದು ಮಾತು ತಿಳಿಸಿ, ಇಲ್ಲಿ ಬೇರೆ ಕೆಲಸ ಹಾಕಿಕೊಳ್ಳುತ್ತೇವೆ."

ಇದರಲ್ಲಿ ಕುಶಲ ವಿಚಾರಿಸುವ ಸಾಲು ಎಲ್ಲಿದೆ? ಇಲ್ಲ. ಆದರೂ ಓದಿದವರಿಗೆ ತಮ್ಮ ಮಾತನ್ನು ಯಾರೋ ಕೇಳಿಸಿಕೊಂಡಿದ್ದಾರೆ ಅಂತ ಮೊದಲ ಸಾಲಿನಲ್ಲೇ ಗೊತ್ತಾಗುತ್ತೆ. ಫೋನಿನ ಪಟ್ಟಿಯಲ್ಲಿ ನೋಡಿದರೂ ‘ಫರ್ನೇಸ್ ಲೈನಿಂಗ್’ ಅನ್ನೋದು ಕಾಣುತ್ತೆ. 240ರ ಬದಲು 60 ಕೇಳಿದ್ದು ಅವರ ಕಷ್ಟ ಅರ್ಥವಾಗಿದೆ ಅನ್ನೋದಕ್ಕೆ ಸಾಕ್ಷಿ. ಮಿಷಿನ್ ಖಾಲಿ ಇರುತ್ತೆ ಅಂದಾಗ ಶುಕ್ರವಾರಕ್ಕೊಂದು ಕಾರಣ ಸಿಕ್ಕಿತು. ಬೆಚ್ಚಗಿನ ಮಾತು ಅಂದರೆ ನನ್ನ ಪಾಲಿಗೆ ಇದು. ನಮಸ್ಕಾರವನ್ನು ಮಾತ್ರ ಯಾವತ್ತೂ ತೆಗೆಯಬೇಡಿ. ಅದು ಒಂದು ಪದ, ಯಾರಿಗೂ ಅಡ್ಡ ಬರಲ್ಲ.

ಒಂದು ಸಾಲು ಇಡಬೇಕೋ ತೆಗೆಯಬೇಕೋ ಅಂತ ಅನುಮಾನ ಬಂದರೆ ನಾನು ನೋಡೋದು ಇಷ್ಟೇ. ಇದೇ ಸಾಲನ್ನು ಒಂದಕ್ಷರ ಬದಲಾಯಿಸದೆ ಹೊಸೂರಿನ ಬೋಲ್ಟ್ ಸಪ್ಲೈಯರಿಗೂ ಕಳಿಸಬಹುದಾ? ಕಳಿಸಬಹುದು ಅಂದರೆ ತೆಗೀರಿ. ‘ವೀಕೆಂಡ್ ಚೆನ್ನಾಗಿ ಕಳೆಯಿತು ಅಂದುಕೊಳ್ಳುತ್ತೇನೆ’ ಅನ್ನೋದೂ ಈ ಲೆಕ್ಕದಲ್ಲಿ ಹಳೇ ಸಾಲೇ, ಬಟ್ಟೆ ಬದಲಾಯಿಸಿದೆ ಅಷ್ಟೆ.

ಇದನ್ನೇ ಹಿಡಿದುಕೊಂಡು ಇನ್ನೊಂದು ಅತಿಗೆ ಹೋಗೋರೂ ಇದ್ದಾರೆ. ಆತ್ಮೀಯತೆ ಬೇಕು ಅಂತ ವೆಂಡರ್ ಮನೆಯವರ ಆಪರೇಷನ್ ಹೇಗಾಯಿತು ಅಂತ ಮೇಲ್‌ನಲ್ಲಿ ಕೇಳ್ತಾರೆ. ಆ ಮೇಲ್‌ಗೆ ಅಕೌಂಟ್ಸ್, ಸ್ಟೋರ್ಸ್, ಕ್ವಾಲಿಟಿ ಎಲ್ಲರೂ ಸಿಸಿ. ದಯವಿಟ್ಟು ಬೇಡ. ಮನೆ ವಿಷಯಕ್ಕೆ ಫೋನ್ ಮಾಡಿ. ಫರ್ನೇಸ್ ವಿಷಯ ಎಲ್ಲರೆದುರು ಬರೀಬಹುದು, ಆಸ್ಪತ್ರೆ ವಿಷಯ ಬರೀಬಾರದು.

ರೂಢಿಯ ಸಾಲನ್ನು ಉಳಿಸಿಕೊಳ್ಳಲೇಬೇಕಾದ ಜಾಗವೂ ಇದೆ. ಜಪಾನಿನವರ ಜೊತೆ ಕೆಲಸ ಮಾಡಿದವರಿಗೆ ಗೊತ್ತಿರುತ್ತೆ. ಅವರ ಆಫೀಸ್ ಮೇಲ್ ‘ಇತ್ಸುಮೊ ಒಸೆವಾ ನಿ ನತ್ತೆ ಒರಿಮಸು’ ಅಂತಲೇ ಶುರು. ಯಾವಾಗಲೂ ನಮಗೆ ಸಹಕಾರ ಕೊಡುತ್ತಿದ್ದೀರಿ ಅನ್ನೋ ಅರ್ಥ. ಅಲ್ಲಿ ಅದಿಲ್ಲದಿದ್ದರೆ ಏನೋ ಬೇಜಾರಾಗಿದೆ ಅಂದುಕೊಂಡಾರು. ಅವರ ಮನೆಯ ಪದ್ಧತಿ ಅದು, ಹಾಗೇ ಇರಲಿ. ನನ್ನ ತಕರಾರು ನಮ್ಮ ನಮ್ಮೊಳಗಿನ ಮೇಲ್‌ಗಳ ಬಗ್ಗೆ. ಇಲ್ಲಿ ಆ ಸಾಲಿಲ್ಲ ಅಂತ ಯಾರೂ ನೊಂದುಕೊಂಡಿದ್ದನ್ನು ನಾನು ಕಂಡಿಲ್ಲ.

ಮೊದಲ ಸಲ ಪರಿಚಯವಿಲ್ಲದವರಿಗೆ ಬರೆಯುವಾಗ ಏನು ಮಾಡೋದು ಅಂತ ಕೇಳ್ತಾರೆ. ಅವರ ಹೆಸರು ಎಲ್ಲಿ ಸಿಕ್ಕಿತು ಅಂತ ಹೇಳಿ ಶುರು ಮಾಡಿ. "ಪೀಣ್ಯದ ಎಕ್ಸಿಬಿಷನ್‌ನಲ್ಲಿ ನಿಮ್ಮ ಸ್ಟಾಲಿನಲ್ಲಿ ಇಟ್ಟಿದ್ದ ಗೇರ್ ಕವರ್ ನೋಡಿದೆ" ಅನ್ನಿ. ಮುಖ ನೋಡದಿದ್ದರೂ ಮಾತಿಗೆ ಒಂದು ದಾರಿ ಆಯಿತು. ಅವರೂ ಮುಂದಿನ ಸಾಲು ಓದ್ತಾರೆ.

ನಿಜವಾಗಿ ಹೊಟ್ಟೆ ಉರಿಯೋದು ಎಚ್‌ಆರ್‌ನವರ ಮೇಲ್ ನೋಡಿದಾಗ. ನಮ್ಮ ಅಕ್ಕನ ಮಗ ಇಂಟರ್‌ವ್ಯೂ ಮುಗಿಸಿ ಬಂದು ಫಲಿತಾಂಶಕ್ಕೆ ಕಾಯುತ್ತಿದ್ದ. ಫೋನಿನಲ್ಲಿ ಮೇಲ್ ಬಂತು. ಪಟ್ಟಿಯಲ್ಲಿ ಕಂಡದ್ದು ‘ನೀವು ಚೆನ್ನಾಗಿದ್ದೀರಿ ಎಂದು ಆಶಿಸುತ್ತೇವೆ’ ಅನ್ನೋದು. ಮಗುವಿನ ಮುಖ ಅರಳಿತು. ತೆರೆದು ನೋಡಿದರೆ ಮೂರನೇ ಸಾಲಿನಲ್ಲಿ ‘ವಿಷಾದಿಸುತ್ತೇವೆ’. ಕೆಟ್ಟ ಸುದ್ದಿಯ ಮುಂದೆ ಆ ಸಾಲು ಇಡೋದು ಕ್ರೂರ. ಮೆತ್ತಗೆ ಹೇಳಿದ ಹಾಗೆ ಅಂತ ಅಂದುಕೊಂಡಿರ್ತಾರೆ, ಆದರೆ ಆಗೋದು ಒಂದು ನಿಮಿಷದ ಸುಳ್ಳು ಆಸೆ.

ಅವನಿಗೆ ಬರೀಬೇಕಿದ್ದದ್ದು ಹೀಗೆ: "ಗುರುವಾರ ಇಂಟರ್‌ವ್ಯೂಗೆ ಬಂದದ್ದಕ್ಕೆ ಥ್ಯಾಂಕ್ಸ್. ಈ ಕೆಲಸಕ್ಕೆ ನಿಮ್ಮನ್ನು ತೆಗೆದುಕೊಳ್ಳಲು ಆಗುತ್ತಿಲ್ಲ. ಡ್ರಾಯಿಂಗ್ ಓದೋದು ನಿಮಗೆ ಚೆನ್ನಾಗಿ ಬರುತ್ತೆ, ಆದರೆ ನಮಗೆ ಈಗ ಬೇಕಿರೋದು ಸಿಎನ್‌ಸಿ ಪ್ರೋಗ್ರಾಮಿಂಗ್ ಮಾಡಿದ ಅನುಭವ ಇರುವವರು." ಕಾರಣ ನಿಜವಾಗಿದ್ದರೆ ಮಾತ್ರ ಬರೆಯಿರಿ. ಬರೆಯೋಕೆ ಆಗದಿದ್ದರೆ ಮೊದಲ ಎರಡು ಸಾಲು ಸಾಕು. ಎಚ್‌ಆರ್‌ನಲ್ಲಿರುವ ನನ್ನ ಸ್ನೇಹಿತರು ಇಲ್ಲಿ ತುಂಬ ಜನ ಇದ್ದೀರಿ. ಆಫೀಸಿನಲ್ಲಿ ಆ ಟೆಂಪ್ಲೇಟ್ ಯಾರ ಕೈಲಿದೆ ಅಂತ ನಾಳೆ ಕೇಳಿ ನೋಡ್ತೀರಾ?