ಛತ್ರದಲ್ಲಿ ಊಟಕ್ಕೆ ಕೂತಾಗ ಎಲ್ಲವೂ ಕನಸಿನ ಹಾಗಾಯಿತು

ತಂಗಿಯ ಮದುವೆ ದಿನ ನಡೆದಿದ್ದು ಇದು. ಮೂರು ರಾತ್ರಿಯಿಂದ ಸರಿಯಾಗಿ ನಿದ್ದೆ ಇರಲಿಲ್ಲ. ಅಡುಗೆಯವರಿಗೆ ಕೊಡಬೇಕಾದ ಬಾಕಿ ಹೊಂದಿಸುವ ಚಿಂತೆ ಬೇರೆ. ಬೆಳಗಿನಿಂದ ಹೊಟ್ಟೆಗೆ ಬಿದ್ದದ್ದು ಬರೀ ಕಾಫಿ, ಐದೋ ಆರೋ ಲೋಟ. ಮುಹೂರ್ತ ಮುಗಿಸಿ ಎರಡನೇ ಪಂಕ್ತಿಗೆ ಕೂತೆ. ಕೋಸಂಬರಿ, ಪಲ್ಯ ಬಂತು. ಅನ್ನಕ್ಕೆ ಸಾರು ಬೀಳುವ ಹೊತ್ತಿಗೆ ಇದ್ದಕ್ಕಿದ್ದ ಹಾಗೆ ಏನೋ ಆಯಿತು.

ಕಣ್ಣಿಗೆ ಎಲ್ಲ ಕಾಣುತ್ತಿತ್ತು, ಯಾವುದೂ ನಿಜ ಅನ್ನಿಸಲಿಲ್ಲ. ಎದುರು ಪಂಕ್ತಿಯ ಮುಖಗಳೆಲ್ಲ ಗೋಡೆಗೆ ಅಂಟಿಸಿದ ಚಿತ್ರದ ಹಾಗೆ ಚಪ್ಪಟೆ. ವಾಲಗದ ಸದ್ದು ಪಕ್ಕದ ಬೀದಿಯಿಂದ ಬಂದ ಹಾಗೆ. ಪಕ್ಕದಲ್ಲಿದ್ದ ಚಿಕ್ಕಮ್ಮ "ತುಪ್ಪ ಹಾಕಿಸ್ಕೋ ಕಣೋ" ಅಂದರು. ಚಿಕ್ಕಮ್ಮ ಅಂತ ಗೊತ್ತು, ಆದರೆ ಕನಸಿನಲ್ಲಿ ಬಂದ ಚಿಕ್ಕಮ್ಮನ ಹಾಗೆ. ಮುಗೀತು, ನನಗೆ ತಲೆ ಕೆಟ್ಟಿತು ಅಂದುಕೊಂಡೆ. ಎಲೆ ಬಿಟ್ಟು ಎದ್ದೆ. ಎದೆ ಡವಡವ, ಬೆರಳ ತುದಿ ಮತ್ತು ತುಟಿ ಸುತ್ತ ಜುಮುಜುಮು. ಹಿಂದಿನ ಕೋಣೆಯಲ್ಲಿ ಕೂರಿಸಿ ಚಿಕ್ಕಮ್ಮ ದೃಷ್ಟಿ ತೆಗೆದರು. ಕಾಲು ಗಂಟೆಯಲ್ಲಿ ಎಲ್ಲ ಮೊದಲಿನಂತಾಯಿತು. ದೃಷ್ಟಿಯದ್ದೇ ಪ್ರಭಾವ ಅಂತ ಅವರು ಈಗಲೂ ನಂಬಿದ್ದಾರೆ, ನಾನು ವಾದ ಮಾಡಲು ಹೋಗಿಲ್ಲ.

ಮುಂದಿನ ವಾರ ಮನೋವೈದ್ಯರ ಹತ್ತಿರ ಹೋದೆ. ಪೂರ್ತಿ ಕೇಳಿಸಿಕೊಂಡು ಅವರು ಹೇಳಿದ್ದು: "ಕನಸಿನ ಹಾಗೆ, ಚಿತ್ರದ ಹಾಗೆ ಅಂತ ಎಷ್ಟು ಸಲ ಅಂದ್ರಿ ನೋಡಿ. ಕನಸೇ ಅನ್ನಲಿಲ್ಲ." ಆ 'ಹಾಗೆ' ಇದೆಯಲ್ಲ, ಅದೇ ಮುಖ್ಯ. ನಿಜ ಯಾವುದು ಅನ್ನುವ ತಿಳಿವಳಿಕೆ ಇದರಲ್ಲಿ ಕೆಡುವುದಿಲ್ಲ, ನಿಜ ಅನ್ನುವ ಅನುಭವ ಮಾತ್ರ ಮಸುಕಾಗುತ್ತದೆ. ತಿಳಿವಳಿಕೆಯೇ ಕೆಡುವ ಕಾಯಿಲೆಗಳು ಬೇರೆ. ಇದರ ಹೆಸರು ಡಿರಿಯಲೈಸೇಶನ್. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯಲ್ಲಿ ಇದ್ದಕ್ಕಿದ್ದ ಹಾಗೆ ನುಗ್ಗುವ ವಿಪರೀತ ಗಾಬರಿಗೆ, ಅಂದರೆ ಪ್ಯಾನಿಕ್ ಅಟ್ಯಾಕ್‌ಗೆ ಕೊಟ್ಟಿರುವ 13 ಲಕ್ಷಣಗಳಲ್ಲಿ ಇದೂ ಒಂದು.

ಆಮೇಲೆ ನನ್ನ ಎದೆ, ಬಿಪಿ ನೋಡಿ, ಬಾಯಿಂದ ಜೋರಾಗಿ, ಬೇಗಬೇಗ ಒಂದು ನಿಮಿಷ ಉಸಿರಾಡಲು ಹೇಳಿದರು. (ಮನೆಯಲ್ಲಿ ಸುಮ್ನೆ ಮಾಡಿ ನೋಡಬೇಡಿ. ಹೃದಯದ ತೊಂದರೆ, ಅಸ್ತಮಾ, ಫಿಟ್ಸ್ ಇರುವವರಂತೂ ಬೇಡವೇ ಬೇಡ.) ನಿಮಿಷ ಮುಗಿಯುವ ಮೊದಲೇ ಜುಮುಜುಮು ಬಂತು. ಅವರ ಮೇಜು, ಕ್ಯಾಲೆಂಡರ್ ಎಲ್ಲ ದೂರ ಸರಿದ ಹಾಗಾಯಿತು. ಥೇಟ್ ಛತ್ರದ್ದೇ! ಉಸಿರು ನಿಧಾನ ಮಾಡಿದೆ, ಸ್ವಲ್ಪ ಹೊತ್ತಿಗೆ ಹೋಯಿತು.

ಗಾಬರಿಯಲ್ಲಿ ನಾವು ಬೇಕಾದ್ದಕ್ಕಿಂತ ಜಾಸ್ತಿ ಉಸಿರಾಡುತ್ತೇವೆ. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ. ಅದು ಇಳಿದರೆ ಮಿದುಳಿನ ರಕ್ತನಾಳಗಳು ಕೊಂಚ ಬಿಗಿಯಾಗುತ್ತವೆ, ರಕ್ತ ಹರಿಯುವುದು ಸ್ವಲ್ಪ ಹೊತ್ತು ಕಡಿಮೆಯಾಗುತ್ತದೆ. ತಲೆ ಹಗುರ, ಮಂಜು ಮುಸುಕಿದ ನೋಟ ಬರುವುದು ಇದರಿಂದ. ಉಸಿರು ಹದಕ್ಕೆ ಬಂದರೆ ಅದೂ ಹದಕ್ಕೆ ಬರುತ್ತದೆ. ಮಿದುಳಿಗೇನೂ ಪೆಟ್ಟಾಗುವುದಿಲ್ಲ. ಹಾಗಂತ ಎಲ್ಲವೂ ಉಸಿರಿನದ್ದೇ ಅಲ್ಲ. ನಿದ್ದೆಗೆಟ್ಟಾಗ, ತುಂಬಾ ದಣಿದಾಗ, ಭಯ ಮಿತಿಮೀರಿದಾಗ ಮನಸ್ಸು ತನ್ನಷ್ಟಕ್ಕೆ ಭಾವನೆಯ ವಾಲ್ಯೂಮ್ ತಗ್ಗಿಸುವುದೂ ಇದೆ.

ಇಷ್ಟು ಗೊತ್ತಾದ ಮೇಲೂ ನಾನೊಂದು ತಪ್ಪು ಮಾಡಿದೆ. ಬೆಳಗ್ಗೆ ಎದ್ದ ತಕ್ಷಣ ಗೋಡೆ ನೋಡಿ 'ನಿಜ ಅನ್ನಿಸ್ತಿದೆಯಾ?' ಅಂತ ಪರೀಕ್ಷೆ. ಕನ್ನಡಿ ಮುಂದೆ ಮುಖ ದಿಟ್ಟಿಸುವುದು. ರಾತ್ರಿ ಮೊಬೈಲಿನಲ್ಲಿ ಹುಡುಕಾಟ, ಓದಿದಷ್ಟೂ ಭಯ. ಎರಡು ವಾರ ಅದು ಬಿಟ್ಟೂ ಬಿಟ್ಟೂ ಬರುತ್ತಲೇ ಇತ್ತು. 'ತಟ್ಟೆ' ಅನ್ನುವ ಪದವನ್ನು ಮೂವತ್ತು ಸಲ ಹೇಳಿ ನೋಡಿ, ಅರ್ಥ ಕಳಚಿ ಬರೀ ಸದ್ದಾಗುತ್ತದೆ, ಅಲ್ವಾ? ಗೋಡೆಯನ್ನು ಹಾಗೆ ಪರೀಕ್ಷಿಸುತ್ತಾ ಕೂತರೆ ಗೋಡೆಯೂ ವಿಚಿತ್ರವಾಗುತ್ತದೆ. ಅದು ಬಂತೆಂದು ಭಯ, ಭಯಕ್ಕೆ ಮತ್ತೆ ಉಸಿರು ಜೋರು, ಅದಕ್ಕೆ ಮತ್ತೆ ಅದೇ. ನನ್ನ ಪ್ರಕಾರ ಜನ ಇದರಲ್ಲಿ ಸಿಕ್ಕಿಕೊಳ್ಳುವುದು ಈ ಸುತ್ತಿನಲ್ಲೇ. "ದೀರ್ಘವಾಗಿ ಉಸಿರೆಳೆದುಕೋ" ಅನ್ನುವ ಸಲಹೆಯೂ ನನಗೆ ಕೈಕೊಟ್ಟಿತು, ಮೊದಲೇ ಜಾಸ್ತಿ ಎಳೆಯುತ್ತಿದ್ದೆನಲ್ಲ. ಮೂಗಿನಿಂದ ಸಣ್ಣಗೆ ತೆಗೆದುಕೊಂಡು, ನಿಧಾನಕ್ಕೆ ಬಿಡುವುದು ಕೆಲಸ ಮಾಡಿತು. ಅದಕ್ಕಿಂತ ಜಾಸ್ತಿ, ಮಾಡುತ್ತಿದ್ದ ಕೆಲಸ ಬಿಡದೇ ಇರುವುದು.

ಗಾಬರಿ ಇಲ್ಲದೆಯೇ ಬಂದರೆ, ವಾರಗಟ್ಟಲೆ ಬಿಡದಿದ್ದರೆ, ಜೊತೆಗೆ ಪ್ರಜ್ಞೆ ತಪ್ಪಿದರೆ, ತಲೆಗೆ ಪೆಟ್ಟಾದ ಮೇಲೆ ಅಥವಾ ಗಾಂಜಾ ಸೇದಿದ ಮೇಲೆ ಶುರುವಾದರೆ ವೈದ್ಯರಿಗೆ ತೋರಿಸಿ. ಫಿಟ್ಸ್, ಮೈಗ್ರೇನ್‌ನಲ್ಲೂ ಹೀಗಾಗುವುದುಂಟು. ಯಾರ ಹತ್ತಿರ ಹೇಳುವುದು ಅಂತ ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416ಕ್ಕೆ ಫೋನ್ ಮಾಡಿ.

ತಂಗಿಯ ಮಗುವಿನ ನಾಮಕರಣದಲ್ಲಿ ಮತ್ತೆ ಬಂತು, ಅದೂ ಪಂಕ್ತಿಯಲ್ಲೇ. ಈ ಸಲ ಏಳಲಿಲ್ಲ. ಮಂಜಿನ ಆಚೆ ಇದ್ದ ಅನ್ನವನ್ನೇ ಕಲೆಸಿಕೊಂಡು ಉಂಡೆ. ಯಾವಾಗ ಹೋಯಿತೋ ಗೊತ್ತಿಲ್ಲ. ಮಜ್ಜಿಗೆ ಅನ್ನಕ್ಕೆ ಎರಡನೇ ಸಲ ಉಪ್ಪಿನಕಾಯಿ ಕೇಳಿದ್ದು ನೆನಪಿದೆ.