ಸ್ಪಷ್ಟನೆ: ಚಾರ್ಜರ್ ಮೇಲೆ ಸಿಇ ಗುರುತಿದ್ದರೆ ಸಾಕೇ?

“ಚಾರ್ಜರ್ ಮೇಲೆ CE ಅಂತ ಇದ್ದರೆ ಒರಿಜಿನಲ್, ಬೇರೇನೂ ನೋಡಬೇಡಿ.”

ತಪ್ಪು. ಸಿಇ ಯುರೋಪಿನ ಮಾರುಕಟ್ಟೆಯ ಗುರುತು. ಹೆಚ್ಚಾಗಿ ತಯಾರಕರೇ ಹಾಕಿಕೊಳ್ಳುತ್ತಾರೆ. ನಮ್ಮಲ್ಲಿ ಮೊಬೈಲ್ ಚಾರ್ಜರ್‌ಗೆ ಬೇಕಾದದ್ದು ಭಾರತೀಯ ಮಾನಕ ಬ್ಯೂರೋ, ಅಂದರೆ ಬಿಐಎಸ್ ನೋಂದಣಿ. ಲೇಬಲ್ ಮೇಲೆ R- ಆದಮೇಲೆ ಎಂಟು ಅಂಕಿ ಇರುತ್ತವೆ.

ಅಂಕಿ ಇದ್ದ ಮಾತ್ರಕ್ಕೂ ನಂಬಬೇಡಿ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಕೊಂಡ ಒಂದು ಚಾರ್ಜರಿನ ನಂಬರನ್ನು ಮನೆಗೆ ಬಂದು BIS Care ಆ್ಯಪ್‌ನ Verify R-No. under CRS ಎಂಬಲ್ಲಿ ಹಾಕಿದೆ. ನಂಬರ್ ನಿಜವೇ! ಆದರೆ ಆ್ಯಪ್‌ನಲ್ಲಿ ಬಂದದ್ದು ಬೇರೆ ಕಂಪನಿಯ ಪವರ್ ಬ್ಯಾಂಕ್. ಯಾರದೋ ನಂಬರ್ ಕದ್ದು ಅಚ್ಚು ಹಾಕಿದ್ದರು. ಹಾಗಾಗಿ ಬ್ರ್ಯಾಂಡ್, ವಸ್ತು ಎರಡೂ ತಾಳೆಯಾಗಬೇಕು. ದುಡ್ಡು ಕೊಡುವ ಮೊದಲೇ ನೋಡಿದ್ದರೆ ಚೆನ್ನಾಗಿತ್ತು, ಅಲ್ವಾ?

ವಾರಂಟಿ ಕೇಳುವಾಗ ಎಷ್ಟು ತಿಂಗಳು ಅನ್ನುವುದಕ್ಕಿಂತ ಎಲ್ಲಿ ಅಂತ ಕೇಳಿ. ಸರ್ವಿಸ್ ಸೆಂಟರ್ ಬೆಂಗಳೂರಿನಲ್ಲಿ ಮಾತ್ರ ಇದ್ದರೆ, ತೀರ್ಥಹಳ್ಳಿಯವರಿಗೆ ಬಸ್ ಚಾರ್ಜೇ ಚಾರ್ಜರಿಗಿಂತ ಜಾಸ್ತಿ. ಬಿಲ್‌ನಲ್ಲಿ ಮಾಡೆಲ್ ನಂಬರ್, ತಾರೀಕು ಬರೆಸಿ.

ಆನ್‌ಲೈನ್ ರಿವ್ಯೂಗಳನ್ನು ಹೊಸದರಿಂದ ಹಿಂದಕ್ಕೆ ಓದಿ. ಹಳೆಯ ಹೊಗಳಿಕೆಗಳು ಇಯರ್‌ಫೋನ್ ಬಗ್ಗೆ ಇದ್ದರೆ, ಬೇರೆ ವಸ್ತುವಿನ ಪುಟಕ್ಕೆ ಸುಮ್ನೆ ಚಾರ್ಜರಿನ ಫೋಟೋ ಅಂಟಿಸಿದ್ದಾರೆ ಅಂತ ಅರ್ಥ. ಒಂದೆರಡೇ ದಿನದಲ್ಲಿ ಐದು ಸ್ಟಾರ್‌ಗಳು ರಾಶಿ ಬಿದ್ದಿದ್ದರೂ ಅನುಮಾನಪಡಿ. ಮೂರು ಸ್ಟಾರ್ ಕೊಟ್ಟವರು “ಎರಡು ತಿಂಗಳಿಗೆ ಬಿಸಿಯಾಗತೊಡಗಿತು” ಅಂತ ಬರೆದಿರುತ್ತಾರಲ್ಲ, ಅದನ್ನು ನಾನು ಹೆಚ್ಚು ನಂಬುತ್ತೇನೆ.